ಬ್ಯಾಕಪ್ ಇದೆಯಲ್ಲ, ಭಯ ಯಾಕೆ?

ಕೆಲಸ ಕಳೆದುಕೊಂಡು ಸಂದರ್ಶನಗಳಿಗೆ ಅಲೆದೂ ಅಲೆದೂ ಅವಳಿಗೆ ಭಯವೂ ಸತ್ತುಹೋಗಿತ್ತು. ಈ ಕಂಪನಿಯ ಸಂದರ್ಶನದಲ್ಲಿ ಸೈಬರ್ ಭದ್ರತಾ ವಿಭಾಗದ ಮುಖ್ಯಸ್ಥರು, "ಒಂದು ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿದೆ, ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳ್ತಿದೆ. ಮೊದಲು ಏನ್ ಮಾಡ್ತೀರಮ್ಮಾ?" ಎಂದರು.

"ನೆಟ್‌ವರ್ಕ್‌ನಿಂದ ಬೇರ್ಪಡಿಸ್ತೀನಿ ಸಾರ್. ಆಫ್ ಮಾಡಲ್ಲ, ಮೆಮೊರಿಯಲ್ಲಿರೋ ಸಾಕ್ಷಿ ಅಳಿಸಿಹೋಗುತ್ತೆ." ಗಿಣಿಪಾಠ ಒಪ್ಪಿಸಿದಳು.

ಪಕ್ಕದಲ್ಲಿದ್ದ ನಿರ್ದೇಶಕರು ಆಕಳಿಸಿದರು. "ಇವೆಲ್ಲ ನನ್ನ ತಲೆಗೆ ಹತ್ತಲ್ಲ. ನಮ್ಮ ಹತ್ರ ಬ್ಯಾಕಪ್ ಇದೆಯಲ್ಲ, ಭಯ ಯಾಕೆ?"

"ಅದರಿಂದ ಎಲ್ಲಾ ವಾಪಸ್ ತಂದು ಯಾವತ್ತಾದ್ರೂ ನೋಡಿದ್ದೀರಾ ಸಾರ್?" ಎಂದಳು ಅವಳು. "ಇಲ್ಲದಿದ್ರೆ, ದಾಳಿಯಾದಾಗ ವ್ಯಾಪಾರ ಎಷ್ಟು ದಿನ ನಿಲ್ಲುತ್ತೆ ಅಂತ ಯಾರಿಗೂ ಗೊತ್ತಿಲ್ಲ."

ನಿರ್ದೇಶಕರು ಮುಖ್ಯಸ್ಥರ ಕಡೆ ತಿರುಗಿದರು. "ಇನ್ನೂ ನೋಡಿಲ್ಲ ಸಾರ್," ಎಂದು ಮುಖ್ಯಸ್ಥರು ನೀರಿನ ಲೋಟ ಕೈಗೆತ್ತಿಕೊಂಡರು.

"ಸೋಮವಾರವೇ ಸೇರ್ಕೊಳ್ಳಿ," ಎಂದರು ನಿರ್ದೇಶಕರು.

ಅವಳು ಸಂತೋಷಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. "ಆಗಲಿ ಸಾರ್," ಎಂದು ಎದ್ದಳು.