ಇಲಿ ಹಿಡಿದವರ ಧನ್ಯವಾದ ಪತ್ರ

ನಮ್ಮ ಭಾವನಿಗೆ ಇಲಿ ಹಿಡಿಯೋದು ಚೆನ್ನಾಗಿ ಗೊತ್ತು. ಅಷ್ಟಕ್ಕೇ ನಿಂತಿದ್ದರೆ ಮನೆಮಂದಿಯೆಲ್ಲ ನೆಮ್ಮದಿಯಾಗಿರ್ತಿದ್ವಿ. ಆದರೆ ನಿಮಗೆ ಬರೆಯೋಕೂ ಬರುತ್ತೆ ಅಂತ ಅವರಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಯಾರು ಅಂತ ನಾನು ತುಂಬಾ ಕಡೆ ವಿಚಾರಿಸಿದೆ. ಸಿಕ್ಕಿದ್ದರೆ ಅವರ ಮನೆಯೊಳಗೆ ಒಂದು ತುಂಬಿದ ಬೋನು ತೆರೆದು ಬರ್ತಿದ್ದೆ.

ಭಾವನದು ಇಲಿ, ಜಿರಲೆ ಕಾಟ ನಿವಾರಿಸೋ ಸಣ್ಣ ಕಂಪನಿ. ಅಂಗಡಿ, ಗೋಡೌನು, ಹೋಟೆಲುಗಳ ಜೊತೆ ವರ್ಷಕ್ಕೊಂದು ಕರಾರು. ನಾನು ತಿಂಗಳಿಗೊಮ್ಮೆ ಹೋಗಿ ಬೋನು ನೋಡಿ, ಔಷಧಿ ಇಟ್ಟು, ಎಲ್ಲಿ ಏನು ಸಿಕ್ತು ಅಂತ ವರದಿ ಕೊಡ್ತೀನಿ. ಅಕ್ಕ ಆಫೀಸು ನೋಡ್ಕೋತಾಳೆ. ಭಾವ ಕುರ್ಚಿ ನೋಡ್ಕೋತಾರೆ.

ವರ್ಷದ ಕೊನೆಗೆ ಗಿರಾಕಿಗಳಿಗೆಲ್ಲ ಒಂದು ಧನ್ಯವಾದ ಪತ್ರ ಕಳಿಸೋದು ನಮ್ಮ ಪದ್ಧತಿ. ಥ್ಯಾಂಕ್ಸ್ ಹೇಳಬೇಕು, ಆ ಗಿರಾಕಿಗೆ ನಮ್ಮಿಂದ ಏನು ಉಪಕಾರ ಆಯ್ತು ಅಂತ ನೆನಪಿಸಬೇಕು, ಕೊನೆಗೆ ಮುಂದಿನ ವರ್ಷದ ಬಾಗಿಲನ್ನ ಬೆರಳ ತುದಿಯಿಂದ ತಟ್ಟಬೇಕು. ರೇಟಿನ ಮಾತು ಎತ್ತಬಾರದು, ಗೋಗರೆಯಬಾರದು. ಅಕ್ಕ ಬರೆದರೆ ಇದು ಅರ್ಧ ಪುಟದ ಕೆಲಸ. ಹೋದ ವರ್ಷ ಭಾವ ಪೆನ್ನು ಕಿತ್ಕೊಂಡರು. "ನಿಮ್ಮಲ್ಲಿ ಈಗ ಒಂದೇ ಒಂದು ಇಲಿಯೂ ಉಳಿದಿಲ್ಲ" ಅಂತ ಎಲ್ಲರಿಗೂ ಎದೆಯುಬ್ಬಿಸಿ ಬರೆದರು. ಗಿರಾಕಿಗಳು ಓದಿ ಖುಷಿಪಟ್ಟರು. ಇಲಿಯೇ ಇಲ್ಲದ ಮೇಲೆ ಇಲಿ ಹಿಡಿಯೋರು ಯಾಕೆ ಅಂತ ಅರ್ಧಕ್ಕರ್ಧ ಜನ ಕರಾರು ಬಿಟ್ಟರು.

ಉಳಿದವರಲ್ಲಿ ದೊಡ್ಡದು ಬೇಕರಿ. ನಿಜ ಹೇಳಬೇಕಂದ್ರೆ ಈಗ ನಮ್ಮ ಕಂಪನಿ ನಿಂತಿರೋದೇ ಆ ಬೇಕರಿಯ ಮೇಲೆ. ಅವರ ಕರಾರು ಈ ವರ್ಷದ ಕೊನೆಗೆ ಮುಗಿಯೋದಿತ್ತು. ಇನ್ನೊಂದು ಕಂಪನಿಯವನು ಕಮ್ಮಿ ರೇಟಿಗೆ ಮಾಡಿಕೊಡ್ತೀನಿ ಅಂತ ಅವರ ಹಿಂದೆ ಸುತ್ತುತ್ತಿದ್ದ. ಬೇಕರಿ ಯಜಮಾನರು ಹೂಂ ಅಂತಲೂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಅವರು ಕೈಬಿಟ್ಟರೆ ಆಫೀಸಿಗೆ ಬೀಗ, ವ್ಯಾನು ಮಾರಾಟ, ನಾನು ಮನೇಲಿ.

ಇಂಥ ಹೊತ್ತಲ್ಲಿ ಭಾವನಿಗೆ ಜ್ಞಾನೋದಯ ಆಯ್ತು. ಹೋದ ವರ್ಷದ ತಪ್ಪು ಏನು ಅಂದ್ರೆ ಗಿರಾಕಿಗೆ ಇಲಿ ಮರೆತುಹೋಗಿದ್ದು, ಈ ಸಲ ಮರೆಯೋಕೆ ಬಿಡಬಾರದು ಅಂದರು. ಬಾಗಿಲು ಹಾಕ್ಕೊಂಡು ಕೂತರು. ಒಳಗಿಂದ ಆಗಾಗ "ಆಹಾ" ಅನ್ನೋ ಶಬ್ದ ಬರ್ತಿತ್ತು. ಬರೆದವರೂ ಅವರೇ, ಮೆಚ್ಚಿದವರೂ ಅವರೇ. ಆಮೇಲೆ ಹೊರಗೆ ಬಂದು, ಬೇಕರಿಗೆ ಬರೆದಿದ್ದನ್ನ ನಮ್ಮಿಬ್ಬರ ಮುಂದೆ ನಿಂತು ಓದಿದರು.

"ಮಾನ್ಯರೇ, ಈ ವರ್ಷ ತಾವು ನಮ್ಮ ಮೇಲಿಟ್ಟ ನಂಬಿಕೆಗೆ ವಂದನೆಗಳು. ತಮ್ಮ ಹಿಟ್ಟಿನ ಕೋಣೆಯಲ್ಲಿ ಸಂಸಾರ ಹೂಡಿದ್ದ ಇಲಿಗಳನ್ನೂ, ಕೇಕಿನ ಕಪಾಟಿನ ಹಿಂದಿದ್ದ ಬಾಣಂತಿಯನ್ನೂ, ಸಕ್ಕರೆ ಮೂಟೆಯಲ್ಲಿ ವಿಶ್ರಮಿಸುತ್ತಿದ್ದ ಹಿರಿಯರೊಬ್ಬರನ್ನೂ ನಾವು ಹೊರತಂದೆವು. ತಮ್ಮ ಅಡುಗೆಮನೆಯ ಒಂದೊಂದು ವಿಷಯವೂ ಈಗ ನಮಗೆ ಗೊತ್ತು. ಇದೆಲ್ಲ ನಮ್ಮ ನಿಮ್ಮ ನಡುವೆಯೇ ಇರುವಂಥದ್ದು. ಹೊಸ ವರ್ಷದಲ್ಲೂ ಇದು ಹೀಗೇ ಇರಲಿ ಎಂದು ನಮ್ಮಂತೆ ತಮಗೂ ಅನ್ನಿಸುತ್ತಿರಬಹುದು."

ಆ ಹಿರಿಯರು ನನಗೆ ಚೆನ್ನಾಗಿ ಗೊತ್ತು. ಯಾವ ಬೋನಿಗೂ ಹಿಡಿಸದೆ ಮೂಟೆ ಸಮೇತ ಹೊತ್ತು ತಂದಿದ್ದೆ. ತೂಕದಲ್ಲಿ ನಮ್ಮ ಮಾವನಿಗಿಂತ ಸ್ವಲ್ಪ ಕಮ್ಮಿ, ಗಾಂಭೀರ್ಯದಲ್ಲಿ ಸ್ವಲ್ಪ ಜಾಸ್ತಿ.

ಇದನ್ನ ಕಳಿಸೋದು ಬೇಡ, ಈ ಕಾಗದ ಯಾರ ಕೈಗೆ ಸಿಕ್ಕಿದರೂ ಬೇಕರಿ ಮಾನ ಹೋಗುತ್ತೆ ಅಂತ ಅಕ್ಕ ಬಿಡಿಸಿ ಹೇಳಿದಳು. ನಿನಗೆ ಲೆಕ್ಕ ಅರ್ಥ ಆಗುತ್ತೆ, ಸಾಹಿತ್ಯ ಅರ್ಥ ಆಗಲ್ಲ ಅಂತ ಭಾವ ಕನಿಕರಪಟ್ಟರು. ಅವಳು ಬ್ಯಾಂಕಿಗೆ ಹೋದದ್ದೇ ತಡ, ಅಂಚಿಗೆ ಚಿನ್ನದ ಬಣ್ಣ ಇರೋ ಲಕೋಟೆಗೆ ಅದನ್ನ ಹಾಕಿ, ತಾವೇ ಹೋಗಿ ಬೇಕರಿಯ ಗಲ್ಲಾಪೆಟ್ಟಿಗೆ ಮೇಲಿಟ್ಟು ಬಂದರು. ಮಿಕ್ಕ ಗಿರಾಕಿಗಳ ಪತ್ರ ಮೇಜಿನ ಮೇಲೇ ಉಳಿದವು, ಪುಣ್ಯ.

ಬೇಕರಿ ಯಜಮಾನರಿಗೆ ಒಂದು ಚಟ. ಯಾರಾದರೂ ಶುಭಾಶಯ ಕಳಿಸಿದರೆ ಕೌಂಟರಿನಲ್ಲೇ ನಿಂತು ಗಟ್ಟಿಯಾಗಿ ಓದ್ತಾರೆ, ತಮಗೆಷ್ಟು ಜನ ಬೇಕಾದವರಿದ್ದಾರೆ ಅಂತ ಗಿರಾಕಿಗಳಿಗೂ ತಿಳೀಲಿ ಅಂತ. ಚಿನ್ನದ ಅಂಚು ನೋಡಿ ಗಂಟಲು ಸರಿಮಾಡ್ಕೊಂಡು ಓದಿದರಂತೆ. "ಹಿಟ್ಟಿನ ಕೋಣೆಯಲ್ಲಿ ಸಂಸಾರ" ಅನ್ನೋ ಹೊತ್ತಿಗೆ ನಾಲಿಗೆ ಕಚ್ಚಿಕೊಂಡರಂತೆ. ಅಷ್ಟರಲ್ಲಿ ಸಾಲಲ್ಲಿದ್ದ ಹೆಂಗಸೊಬ್ಬಳು ಬಾಯಿಗಿಟ್ಟ ಬನ್ನನ್ನ ಮೆಲ್ಲಗೆ ವಾಪಸ್ ತೆಗೆದು, ಒಳಗೇನಾದ್ರೂ ಇದೆಯಾ ಅಂತ ಬಿಚ್ಚಿ ನೋಡಿದಳಂತೆ. ಉಳಿದವರಿಗೆ ಇದ್ದಕ್ಕಿದ್ದಂತೆ ಮನೇಲಿ ಕೆಲಸ ಇರೋದು ನೆನಪಾಯ್ತಂತೆ.

ಮಾರನೇ ದಿನ ಬೆಳಿಗ್ಗೆ ಯಜಮಾನರು ನಮ್ಮ ಆಫೀಸಿಗೇ ಬಂದರು. ಮುಖ ಸುಣ್ಣ. ಕೂರಿ ಅಂದರೆ ಕೂರಲಿಲ್ಲ. ಸಹಿ ಹಾಕಿದ ಕರಾರನ್ನ ಮೇಜಿನ ಮೇಲಿಟ್ಟರು. ಒಂದು ವರ್ಷದ್ದಲ್ಲ, ಎರಡು ವರ್ಷದ್ದು.

ಭಾವ ನನ್ನ ಕಡೆ ನೋಡಿದ ನೋಟ ಹೇಗಿತ್ತು ಅಂದ್ರೆ, ಪ್ರಶಸ್ತಿಯೊಂದನ್ನ ಬೇಡ ಬೇಡ ಅನ್ನುತ್ತಾ ತಗೊಳ್ಳೋರ ಹಾಗೆ. ಪತ್ರದಲ್ಲಿ ತಮಗೆ ಯಾವ ಸಾಲು ಹಿಡಿಸಿತು ಅಂತ ಯಜಮಾನರನ್ನ ಕೇಳಿಯೂ ಬಿಟ್ಟರು.

"ಕೊನೇದು," ಅಂದರು ಯಜಮಾನರು. "ಚೆನ್ನಾಗಿ ಅರ್ಥ ಆಯ್ತು. ಇನ್ನು ಏನೂ ಹೊರಗೆ ಬರಲ್ಲ ತಾನೇ?"

ಅರ್ಥ ಆಗಿದ್ದು ಅಕ್ಕನಿಗೆ. ಭಾವನಿಗೆ ಮೇಲಿನ ಕಪಾಟಿನಿಂದ ಏನೋ ಫೈಲು ತರೋಕೆ ಹೇಳಿ ಒಳಗೆ ಕಳಿಸಿದಳು. ನಾನು ಸುಮ್ಮನಿರು ಅಂತ ಕಣ್ಣಲ್ಲೇ ಬೇಡಿಕೊಂಡೆ. ಎರಡು ವರ್ಷದ ಅನ್ನ ಮೇಜಿನ ಮೇಲಿತ್ತು. ಅವಳು ಕೇಳುವ ಹೆಂಗಸಲ್ಲ. ಕರಾರನ್ನ ಅವರ ಕಡೆಗೇ ತಳ್ಳಿದಳು.

"ಅಣ್ಣಾ, ಹೆದರಿ ಕರಾರು ಕೊಡಬೇಡಿ. ಅದು ಬೆದರಿಕೆ ಅಲ್ಲ. ನಮ್ಮನೆಯವರಿಗೆ ಬರೆಯೋಕೆ ಬರಲ್ಲ, ಅಷ್ಟೇ."

ಯಜಮಾನರು ಆಗ ಕೂತರು. ಜೇಬಿನಿಂದ ಪತ್ರ ತೆಗೆದು ಇನ್ನೊಮ್ಮೆ ಓದಿದರು. ಇದನ್ನ ನಿಜವಾಗಲೂ ಒಳ್ಳೇ ಮನಸ್ಸಿಂದ ಬರೆದಿದ್ದಾ ಅಂತ ಕೇಳಿದರು. ಹೌದು, ತುಂಬಾ ಒಳ್ಳೇ ಮನಸ್ಸಿಂದ ಅಂದಳು ಅಕ್ಕ. ಒಳಗಡೆ ಭಾವ ಗುನುಗುತ್ತಾ ಫೈಲು ಹುಡುಕ್ತಿರೋದು ಕೇಳಿಸ್ತಿತ್ತು.

ಅವರು ಕರಾರನ್ನ ಎತ್ತಿ ಮಡಿಸಿ ಜೇಬಿಗಿಟ್ಟುಕೊಳ್ತಾರೆ ಅಂತ ನಾನು ಆಗಲೇ ವ್ಯಾನಿಗೆ ಮನಸ್ಸಲ್ಲೇ ವಿದಾಯ ಹೇಳಿದ್ದೆ. ಯಜಮಾನರು ಎತ್ತಲೇ ಇಲ್ಲ. ಕರಾರನ್ನ ಅಕ್ಕನ ಕಡೆಗೇ ವಾಪಸ್ ತಳ್ಳಿದರು.

"ಇದು ಇನ್ನೂ ಅಪಾಯ ಕಣಮ್ಮ. ಬೆದರಿಸೋನಿಗೆ ದುಡ್ಡು ಕೊಟ್ಟರೆ ಸುಮ್ಮನಾಗ್ತಾನೆ. ಪ್ರೀತಿಯಿಂದ ಬರೆಯೋನನ್ನ ಹೇಗೆ ಸುಮ್ಮನಿರಿಸೋದು? ನಾನು ಬಿಟ್ಟು ಹೋದರೆ ಬೀಳ್ಕೊಡುಗೆ ಪತ್ರ ಬರೆದಾನು."

ಅಕ್ಕನೂ ಇಲ್ಲ ಅನ್ನಲಿಲ್ಲ. ಬೇಡ ಅನಿಸಿದರೆ ಈಗಲೂ ಬಿಡಬಹುದು, ಆದರೆ ಹಿತ್ತಲ ಮೋರಿ ಪಕ್ಕದ ಗೋಡೆಯ ಬಿರುಕು ಹಾಗೇ ಇದೆ, ಇಲಿ ಬರೋ ದಾರಿ ಅದೇ, ಯಾರಿಗಾದ್ರೂ ಹೇಳಿ ಮುಚ್ಚಿಸಿ ಅಂತ ಹೇಳಿದಳು. ಯಜಮಾನರು ಆ ಬಿರುಕನ್ನೂ ನಮಗೇ ಒಪ್ಪಿಸಿದರು. ಆಮೇಲೆ ಪೆನ್ನು ಕೇಳಿ ಇಸ್ಕೊಂಡು, ಕರಾರಿನ ಕೆಳಗೆ ಕೈಯಲ್ಲೇ ಒಂದು ಷರತ್ತು ಸೇರಿಸಿದರು. ಕಂಪನಿಯ ಪತ್ರಗಳನ್ನೆಲ್ಲ ಇನ್ಮೇಲೆ ಆಫೀಸಿನ ಯಜಮಾನಿಯೇ ಬರೆಯತಕ್ಕದ್ದು.

ಭಾವ ಧೂಳು ಮೆತ್ತಿಕೊಂಡು ಹೊರಗೆ ಬಂದರು. ಷರತ್ತು ಓದಿ ನಕ್ಕರು. ಇಂಥ ಪತ್ರ ಇನ್ಯಾವ ಬೇಕರಿಗೂ ಹೋಗಬಾರದು ಅನ್ನೋ ಹೊಟ್ಟೆಕಿಚ್ಚು ಅಂತ ನನ್ನ ಕಿವಿಯಲ್ಲಿ ಹೇಳಿ, ದೊಡ್ಡ ಮನಸ್ಸು ಮಾಡಿ ಸಹಿ ಹಾಕಿದರು.

ಅಕ್ಕ ಮೇಜಿನ ಮೇಲಿದ್ದ ಮಿಕ್ಕ ಪತ್ರಗಳನ್ನೆಲ್ಲ ಹರಿದು, ಹೋಟೆಲಿನವರಿಗೆ ಹೊಸದಾಗಿ ಬರೆಯೋಕೆ ಕೂತಳು. ಈ ವರ್ಷ ಪ್ರತಿ ತಿಂಗಳೂ ನಮ್ಮನ್ನ ಒಳಗೆ ಬಿಟ್ಟಿದ್ದಕ್ಕೆ ಥ್ಯಾಂಕ್ಸ್. ಮಳೆಗಾಲ ಮುಗಿದ ಮೇಲೆ ಒಂದು ದಿನವೂ ನಿಮ್ಮಿಂದ ದೂರು ಬರಲಿಲ್ಲ. ಇದು ಹೀಗೇ ಇರಬೇಕಾದರೆ ಹಿಂಬಾಗಿಲ ಸಂದು ಮುಚ್ಚಿಸಬೇಕು. ಹೊಸ ವರ್ಷದ ಮೊದಲ ವಾರ ಬಂದು ನೋಡಲಾ?

ಭಾವ ಭುಜದ ಮೇಲಿಂದ ಬಗ್ಗಿ ಓದಿದರು. ಇಲಿಯ ಸುದ್ದಿಯೇ ಇಲ್ಲವಲ್ಲ, ಇದನ್ನ ಓದಿ ಯಾರು ಅಳ್ತಾರೆ ಅಂತ ಕೇಳಿದರು.