ಮಾಫಿ ಸ್ಕೂಲು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೂಲಿ ಮಾಡುತ್ತಿದ್ದ ಹಿದಾಯತುಲ್ಲಾ, ಮಗಳು ಶಕೀಲಾಳನ್ನು ಚಿಂತಾಮಣಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿಸಲು ಹೊರಟಾಗ ಅವನ ಮನಸ್ಸಿನಲ್ಲಿದ್ದುದು ಒಂದೇ ಮಾತು: ಅಲ್ಲಿ ಫೀ ಮಾಫಿ. ಊರಿನ ಹೈಸ್ಕೂಲಿನಲ್ಲಾದರೆ ತಿಂಗಳಿಗೆ ಮೂರು ರೂಪಾಯಿ, ಜೊತೆಗೆ ಗಂಡುಹುಡುಗರು. ಅವನ ತಾಯಿ ಆ ಹುಡುಗರ ನೆಪದಲ್ಲೇ ಬೇಡ ಎಂದಿದ್ದಳು.

ಗುಮಾಸ್ತ ನಲ್ಲಪ್ಪ ಟಿ.ಸಿ. ಇಸಕೊಂಡು, ಸೇರ್ಪಡೆಗೂ ವರ್ಷದ ಚಾರ್ಜಿಗೂ ಅಂತ ಹದಿನೇಳು ರೂಪಾಯಿ ಕಟ್ಟಿಸಿಕೊಂಡ. ತಂದಿದ್ದೆಲ್ಲ ಅಲ್ಲೇ ಮುಗಿಯಿತು.

"ಮಾಫಿ ಅಂದ್ರಲ್ಲ ಸ್ವಾಮಿ?"

"ಪಾಠದ ಫೀ ಮಾಫಿ ಸಾಬ್ರೇ. ಆಟ, ಲೈಬ್ರರಿ, ಪರೀಕ್ಷೆ, ಇವು ಮಾಫಿ ಆಗಲ್ಲ. ಸೋಮವಾರದಿಂದ ನೀಲಿ ಲಂಗ, ಬಿಳಿ ರವಿಕೆ, ಎರಡೆರಡು ಜೊತೆ. ಬಸ್ಸಿನ ಪಾಸು ತಿಂಗಳಿಗೆ ಹದಿನೈದು ಆಗುತ್ತೆ."

ಹಿದಾಯತುಲ್ಲಾ ಗೋಡೆಗೆ ಒರಗಿದ. ಅವನ ತಿಂಗಳ ಕೂಲಿ ಐವತ್ತು ಮುಟ್ಟುತ್ತಿರಲಿಲ್ಲ. ಊರಿನ ಸ್ಕೂಲು ಮನೆಯಿಂದ ನಾಲ್ಕು ಬೀದಿ ಆಚೆ. ಬಸ್ಸಿಲ್ಲ, ಯೂನಿಫಾರಂ ಇಲ್ಲ, ವರ್ಷಕ್ಕೆ ಹತ್ತು ರೂಪಾಯಿ ಚಾರ್ಜು ಅಷ್ಟೆ. ಆ ಮೂರು ರೂಪಾಯಿಯನ್ನೇ ದೊಡ್ಡದು ಮಾಡಿಕೊಂಡು, ಉಳಿದದ್ದನ್ನು ಕೇಳದೇ ಬಂದಿದ್ದ.

"ಟಿ.ಸಿ. ವಾಪಸ್ ಕೊಡಿ ಸ್ವಾಮಿ. ನಮ್ಮೂರ ಸ್ಕೂಲಲ್ಲಿ ಸೇರೋಕೆ ಇವತ್ತೇ ಕಡೇ ದಿನ."

"ಆಗಲ್ಲ. ಹೆಡ್‌ಮಿಸ್ಸನ್ನೇ ಕೇಳಿ."

ಹೆಡ್‌ಮಿಸ್ ವೆಂಕಟರತ್ನಮ್ಮನ ಮುಂದೆ ಅವನು ಕೈಮುಗಿದು ನಿಂತ. ಶಕೀಲಾ ತಾನೇ ಹೇಳಿದಳು: "ಬಸ್ಸಿಗೆ ನಮ್ಮಪ್ಪನ ಕೈಲಿ ಆಗಲ್ಲಮ್ಮ."

ವೆಂಕಟರತ್ನಮ್ಮ ಹಾಜರಿ ಪುಸ್ತಕ ತೆರೆದು ನೋಡಿದರು. ಹೆಸರು ಇನ್ನೂ ಏರಿರಲಿಲ್ಲ. "ಟಿ.ಸಿ. ಕೊಡ್ತೀನಿ. ಕಟ್ಟಿದ ದುಡ್ಡು ಸರ್ಕಾರದ ಲೆಕ್ಕಕ್ಕೆ ಹೋಯ್ತು, ಅದು ನನ್ನ ಕೈಲಿಲ್ಲಪ್ಪ."

ಬಸ್ಸಿಗೆ ಚಿಲ್ಲರೆಯೂ ಇರಲಿಲ್ಲ. ಸಂತೆ ಬೀದಿಯಲ್ಲಿ ಪರಿಚಯದ ರೇಷ್ಮೆಗೂಡಿನ ವ್ಯಾಪಾರಿಯನ್ನು ಹುಡುಕಿ ಎರಡು ರೂಪಾಯಿ ಬೇಡಿ ಹೊರಟರು. ಊರಿನ ಹೈಸ್ಕೂಲು ತಲುಪಿದಾಗ ಜವಾನ ಕಿಟಕಿ ಹಾಕುತ್ತಿದ್ದ.

"ಸೀಟಿದೆ," ಎಂದರು ಹೆಡ್‌ಮಾಸ್ಟರು. "ಚಾರ್ಜು, ಮೊದಲ ತಿಂಗಳ ಫೀ?"

"ಕೊಡ್ತೀನಿ ಸ್ವಾಮಿ. ಇವತ್ತಿಲ್ಲ."

"ತಿಂಗಳ ಕೊನೆ ತನಕ ಕಾಯ್ತೀನಿ. ಆಮೇಲೆ ಹೆಸರು ಹೊಡೆದುಹಾಕ್ತೀವಿ."

ಮನೆಯಲ್ಲಿ ತಾಯಿ ಕೇಳಿದ ಕೂಡಲೇ ಕಿಡಿಯಾದಳು. "ಹುಡುಗರ ಸ್ಕೂಲಾ?"

"ಆ ಬಸ್ಸಲ್ಲಿ ಗಂಡಸರೇ ಇರ್ಲಿಲ್ವಾ ಅಮ್ಮೀ?" ಅವನ ದನಿ ಒಡೆಯಿತು. "ದಿನಾ ಎರಡು ಸಲ ಅದರಲ್ಲಿ ಕಳಿಸೋದು ಸರಿ, ನಾಲ್ಕು ಬೀದಿ ನಡೆಯೋದು ತಪ್ಪಾ?"

ತಾಯಿ ಅಂದು ಉಣ್ಣಲಿಲ್ಲ. ಬೆಳಗಾದರೆ ಹಿದಾಯತುಲ್ಲಾ ಯಜಮಾನನ ಬಾಗಿಲಲ್ಲಿ ಮುಂಗಡಕ್ಕೆ ಕೈಯೊಡ್ಡಬೇಕಿತ್ತು. ಹೋದ ತಿಂಗಳ ಮುಂಗಡವೇ ಇನ್ನೂ ತೀರಿರಲಿಲ್ಲ.