ಏರಿದರೂ ಲಾಭ, ಇಳಿದರೂ ಲಾಭ

ಬಜೆಟ್ ದಿನ ನಮ್ಮ ಆಫೀಸಿನಲ್ಲಿ ಕೇಸರಿಬಾತ್ ಹಂಚುತ್ತಾರೆ. ಯಾವ ಪುರುಷಾರ್ಥಕ್ಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ದೇಶದ ಲೆಕ್ಕ ಒಪ್ಪಿಸುವ ದಿನಕ್ಕೂ ತುಪ್ಪ ಗೋಡಂಬಿಗೂ ಏನು ಸಂಬಂಧ? ಆದರೂ ಸಂಜಯನಗರದ ಮೇನ್ ರೋಡಿನ ಮೇಲೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಅಶ್ವತ್ಥ್ ಸಾರ್ ಅವರ ಷೇರು ಕಚೇರಿಯಲ್ಲಿ ಪ್ರತಿ ವರ್ಷ ಇದೇ ಜಾತ್ರೆ. ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತರಿಸಿ, ದೊಡ್ಡ ಟಿ.ವಿ. ಹಾಕಿ, ಗ್ರಾಹಕರನ್ನೆಲ್ಲ ಕರೆದು ಕೂರಿಸುತ್ತಾರೆ. ಈ ಸಲ ಬಜೆಟ್ ಶನಿವಾರ ಬಿದ್ದಿತ್ತು. ಅದಕ್ಕೆಂದೇ ಮಾರುಕಟ್ಟೆ ತೆರೆದಿದ್ದರಿಂದ ನಮಗೆ ರಜವೂ ಇಲ್ಲ.

ನಾನು ಅಲ್ಲಿ ಡೀಲರ್. ಗ್ರಾಹಕರು ಹೇಳಿದ ಕೊಳ್ಳುವ, ಮಾರುವ ಆರ್ಡರನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಪಕ್ಕದ ಕುರ್ಚಿಯಲ್ಲಿ ಸಿದ್ದು, ಅವನೂ ಡೀಲರ್. ಎದುರಿಗೇ ಗ್ರಾಹಕರು ಕೂತಿರುವುದರಿಂದ ನಾವು ಯಾರ ಹೆಸರನ್ನೂ ಕೂಗುವುದಿಲ್ಲ. ಒಬ್ಬೊಬ್ಬರಿಗೂ ಒಂದು ನಂಬರು. ಕೆ-ಒಂಬತ್ತು ಎಂದರೆ ಯಾರು, ಏನು ಕೊಂಡರು ಎಂದು ಕೂತವರಿಗೆ ತಿಳಿಯಬಾರದು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಮಾಡಿದ ಪದ್ಧತಿ ಅದು. ಒಳ್ಳೆಯ ಪದ್ಧತಿಯೇ.

ಆವತ್ತಿನ ಮೊದಲ ಸಾಲಿನಲ್ಲಿ ನನ್ನ ಸೋದರಮಾವ ಕೃಷ್ಣಯ್ಯ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ. ಯಶವಂತಪುರದ ಒಂದು ಹೋಟೆಲಿನಲ್ಲಿ ತಲೆಗೂದಲು ಹಣ್ಣಾಗುವವರೆಗೂ ಅಡುಗೆ ಭಟ್ಟರಾಗಿ ದುಡಿದವರು. ಈಗ ಯಲಹಂಕದಲ್ಲಿ ಸ್ವಂತ ದರ್ಶಿನಿ ಇಡಬೇಕೆಂದು ಅಂಗಡಿ ನೋಡಿದ್ದರು. ಅದರ ಅಡ್ವಾನ್ಸಿಗೆ ಐದು ಲಕ್ಷ ಕೂಡಿಸಿಕೊಂಡಿದ್ದರು, ಸೋಮವಾರ ಕೊಡಬೇಕಿತ್ತು. ಹೋಟೆಲಿನ ಧಣಿಗೆ ಕೆಲಸ ಬಿಡುತ್ತೇನೆಂದು ಹೇಳಿಯೂ ಆಗಿತ್ತು.

ಆ ಐದು ಲಕ್ಷವನ್ನು ಶುಕ್ರವಾರ ಅಶ್ವತ್ಥ್ ಸಾರ್ ಬಜೆಟ್ ಮೇಲೆ ಹಾಕಿಸಿದರು.

ಮಾವನಿಗೆ ಷೇರಿನ ಗಂಧ ಗಾಳಿ ಇರಲಿಲ್ಲ. ನಾನು ಅಲ್ಲಿ ಕೆಲಸಕ್ಕಿದ್ದೇನೆಂಬ ಒಂದೇ ನಂಬಿಕೆಯ ಮೇಲೆ ಖಾತೆ ತೆರೆದು ಒಂದಿಷ್ಟು ಬ್ಯಾಂಕ್ ಷೇರು ಇಟ್ಟಿದ್ದರು. ಬೇರೆ ಗ್ರಾಹಕರಿಗೆ ಹೇಳಿದಂತೆಯೇ ಮಾವನಿಗೂ ಅಶ್ವತ್ಥ್ ಸಾರ್ ಹೇಳಿದ್ದು ಇಷ್ಟೇ. ಸೂಚ್ಯಂಕ ಏರಿದರೆ ಬೆಲೆ ಹೆಚ್ಚುವ ಒಂದು ಆಪ್ಷನ್ ಇದೆ, ಅದು ಕಾಲ್. ಇಳಿದರೆ ಬೆಲೆ ಹೆಚ್ಚುವ ಇನ್ನೊಂದಿದೆ, ಅದು ಪುಟ್. ಎರಡನ್ನೂ ಕೊಂಡುಬಿಡಿ. ಬಜೆಟ್ ಎಂದ ಮೇಲೆ ಮಾರುಕಟ್ಟೆ ಮೇಲಕ್ಕೋ ಕೆಳಕ್ಕೋ ಹಾರಲೇಬೇಕು. ಏರಿದರೂ ಲಾಭ, ಇಳಿದರೂ ಲಾಭ.

ಶುಕ್ರವಾರ ಸಂಜೆ ನನಗೆ ವಿಷಯ ತಿಳಿದಾಗ ಮೈ ಉರಿದುಹೋಯಿತು. ಫೋನ್ ಮಾಡಿದೆ.

"ಮಾವ, ಬಜೆಟ್ ದಿನ ಗಲಾಟೆ ಆಗತ್ತೆ ಅಂತ ಊರಿಗೆಲ್ಲಾ ಗೊತ್ತು. ಆ ಭಯಕ್ಕೇ ಎರಡರ ರೇಟೂ ಮೊದ್ಲೇ ಏರಿಸಿ ಕೂರಿಸಿರ್ತಾರೆ. ಮಾರ್ಕೆಟ್ ಆ ರೇಟನ್ನೂ ಮೀರಿ ಹಾರಿದ್ರೆ ಮಾತ್ರ ನಿಮಗೆ ದುಡ್ಡು. ಸುಮ್ನೆ ನಿಂತ್ರೆ ಎರಡೂ ಸಾಯತ್ತೆ."

"ಬಜೆಟ್ ದಿನ ಅದ್ಹೆಂಗಮ್ಮಾ ಸುಮ್ನೆ ನಿಂತ್ಕೊಳ್ಳತ್ತೆ?" ಎಂದು ಮಾವ ನಕ್ಕರು. "ಅಶ್ವತ್ಥ್ ಸಾರ್ ಟಿ.ವಿ.ನಲ್ಲಿ ಮಾತಾಡೋರು ಕಣಮ್ಮ. ನಿಂಗಿಂತ ಕಮ್ಮಿ ತಿಳಿದಿದ್ಯಾ ಅವ್ರಿಗೆ?"

ಕಮ್ಮಿ ತಿಳಿದಿರಲಿಲ್ಲ. ಚೆನ್ನಾಗಿಯೇ ತಿಳಿದಿತ್ತು. ಅದೇ ನನ್ನ ಹೊಟ್ಟೆ ಉರಿಸುವ ಮಾತು.

ಶನಿವಾರ ಭಾಷಣ ಶುರುವಾಯಿತು. ಮೊದಲ ಒಂದು ಗಂಟೆ ಸೂಚ್ಯಂಕ ಅತ್ತ ಇತ್ತ ಓಲಾಡುತ್ತಿತ್ತು. ಆಮೇಲೆ ಸರ್ಕಾರದ ಖರ್ಚಿನ ಲೆಕ್ಕ ಬಂತು. ರೈಲು, ರಸ್ತೆ, ಸೇತುವೆಗಳಂಥ ಕಾಮಗಾರಿಗೆ ಹನ್ನೊಂದು ಲಕ್ಷ ಕೋಟಿಗೂ ಮೇಲೆ. ಕುರ್ಚಿಗಳಲ್ಲಿ ಕೂತವರು ಚಪ್ಪಾಳೆ ಹೊಡೆದರು. ಅವರು ಚಪ್ಪಾಳೆ ಹೊಡೆಯುತ್ತಿದ್ದಾಗಲೇ ನನ್ನ ಪರದೆಯ ಮೇಲೆ ರೈಲ್ವೆ ಕಂಪನಿಗಳು, ಸಿಮೆಂಟು, ಭಾರಿ ಯಂತ್ರ ಮಾಡುವವರು ಎಲ್ಲರೂ ಕೆಂಪಾಗತೊಡಗಿದರು.

"ಇದೇನಮ್ಮಾ ಇದು? ಅಷ್ಟೊಂದು ಕೋಟಿ ಕೊಟ್ರೂ ಬೀಳ್ತಿದೆ?" ಮಾವ ಎದ್ದು ನನ್ನ ಮೇಜಿನ ಹತ್ತಿರ ಬಂದರು.

"ಹೋದ ವರ್ಷವೂ ಹೆಚ್ಚುಕಮ್ಮಿ ಅಷ್ಟೇ ಹೇಳಿದ್ರು ಮಾವ. ಅದ್ರಲ್ಲಿ ಪೂರ್ತಿ ಖರ್ಚೂ ಮಾಡಿಲ್ಲ, ಈಗ ಅವ್ರೇ ಹೇಳಿದ್ರಲ್ಲ. ಇನ್ನೂ ಜಾಸ್ತಿ ಕೊಡ್ತಾರೆ ಅಂತ ಆಸೆ ಇಟ್ಕೊಂಡು ಜನ ಮೊದ್ಲೇ ಈ ಷೇರೆಲ್ಲಾ ತಗೊಂಡಿದ್ರು. ಆಸೆ ಹೋಯ್ತು, ಮಾರ್ತಾ ಇದಾರೆ."

ಸೂಚ್ಯಂಕ ಜಾರುತ್ತಾ ಹೋಯಿತು. ಮಾವನ ಪುಟ್ ಮೇಲೆದ್ದಿತು. ಕಾಲ್ ಬಿದ್ದಿತ್ತು, ಆದರೆ ಎರಡೂ ಸೇರಿದರೆ ಹಾಕಿದ ಹಣದ ಹತ್ತಿರ ಹತ್ತಿರಕ್ಕೆ ಬರುತ್ತಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಇವತ್ತು ಸಿಗಲಾರದೆಂದು ನನಗೆ ಅನ್ನಿಸಿತು.

"ಮಾವ, ಈಗ್ಲೇ ಮಾರಿ. ಎರಡೂ. ಹಾಕಿದ್ದು ವಾಪಸ್ ಬರತ್ತೆ, ಅಂಗಡಿ ಉಳಿಯತ್ತೆ."

ಮಾವ ಬಾಯಿ ತೆರೆಯುವಷ್ಟರಲ್ಲಿ ಅಶ್ವತ್ಥ್ ಸಾರ್ ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ಬಂದರು. "ಏನ್ ಚೈತ್ರ, ಮಾವನ್ನ ಹೆದರಿಸ್ತಾ ಇದೀಯಾ? ಕೃಷ್ಣಯ್ಯನೋರೇ, ಇದು ಬರೀ ಶುರು. ತೆರಿಗೆ ವಿಷಯ ಇನ್ನೂ ಬಂದೇ ಇಲ್ಲ. ಕೂತ್ಕೊಳ್ಳಿ, ಭಾಷಣ ಮುಗೀಲಿ."

ಮಾವ ಹೋಗಿ ಕೂತರು. ಅವರ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಆದರೆ ಗ್ರಾಹಕ ಬಾಯಿಬಿಟ್ಟು ಹೇಳದೆ ಡೀಲರ್ ಆರ್ಡರ್ ಹಾಕುವಂತಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ.

ಆಮೇಲೆ ತೆರಿಗೆಯ ಮಾತು ಬಂತು. ವರ್ಷಕ್ಕೆ ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ. ಕಚೇರಿಯೇ ಎದ್ದು ನಿಂತಿತು. ಸಂಬಳದವರ ಕೈಯಲ್ಲಿ ದುಡ್ಡು ಉಳಿದರೆ ಅವರು ಏನು ಕೊಳ್ಳುತ್ತಾರೋ ಅವೆಲ್ಲ ಹಸಿರಾದವು: ಕಾರು, ಬೈಕು, ಫ್ರಿಜ್ಜು, ಬಟ್ಟೆ, ಬಿಸ್ಕೆಟ್ಟು. ಬಿದ್ದಿದ್ದ ಸೂಚ್ಯಂಕ ಮೇಲಕ್ಕೆ ಎದ್ದಿತು. ಜನ ಕೇಕೆ ಹಾಕಿದರು. ಮಾವನೂ ಕೇಕೆ ಹಾಕಿದರು ಪಾಪ, ಕಾಲ್ ಇದೆಯಲ್ಲ ಎಂದು.

ಎದ್ದಿದ್ದು ಎಲ್ಲಿಯವರೆಗೆ? ಬೆಳಿಗ್ಗೆ ಇದ್ದ ಜಾಗದವರೆಗೆ. ಕಾರಿನವರು ಮೇಲೆ ಎಳೆದರು, ರೈಲಿನವರು ಕೆಳಗೆ ಎಳೆದರು, ನಡುವೆ ಸೂಚ್ಯಂಕ ಕಂಬದ ಹಾಗೆ ನಿಂತಿತು. ಒಳಗೆ ಅಷ್ಟೊಂದು ಏರುಪೇರಾದರೂ ಒಟ್ಟು ಮೊತ್ತ ಮಾತ್ರ ಅಲ್ಲಾಡಲಿಲ್ಲ. ಭಾಷಣ ಮುಗಿಯಿತು, ಗುಟ್ಟೆಲ್ಲ ಬಯಲಾಯಿತು, ಇನ್ನು ಹೆದರಲು ಏನೂ ಉಳಿಯಲಿಲ್ಲ. ಭಯಕ್ಕೆಂದು ಏರಿಸಿ ಕೂರಿಸಿದ್ದ ರೇಟು ಸರ್ರನೆ ಇಳಿಯಿತು. ಕಾಲ್ ಕುಗ್ಗಿತು, ಪುಟ್ ಕುಗ್ಗಿತು.

"ಎರಡೂ ಹೆಂಗಮ್ಮಾ ಇಳೀತಿದೆ?" ಮಾವ ಮತ್ತೆ ನನ್ನ ಮೇಜಿನ ಹತ್ತಿರ ಬಂದರು. "ಒಂದಿಳಿದ್ರೆ ಒಂದು ಏರಬೇಕಲ್ವಾ?"

ಆಗಲೇ ಅಶ್ವತ್ಥ್ ಸಾರ್ ಹಿಂದಿನಿಂದ, ಎಂದಿನ ದನಿಯಲ್ಲಿ, "ಚೈತ್ರ, ಆರ್-ಹದಿನೇಳು. ಎರಡೂ ಕಡೆ ಕ್ಲೋಸ್ ಮಾಡು" ಎಂದರು.

ಆರ್-ಹದಿನೇಳು ಎಂದರೆ ರಮ್ಯ ಮೇಡಂ, ಅಶ್ವತ್ಥ್ ಸಾರ್ ಹೆಂಡತಿ. ಮೇಡಂ ಒಮ್ಮೆಯೂ ಆಫೀಸಿಗೆ ಬಂದವರಲ್ಲ. ಅವರ ಖಾತೆಯ ಆರ್ಡರುಗಳನ್ನೆಲ್ಲ ಸಾರೇ ಹೇಳುವುದು. ಖಾತೆ ತೆರೆದೆ. ಪರದೆ ನೋಡಿ ಕೈ ನಿಂತುಹೋಯಿತು. ಮಾವ ಕೊಂಡಿದ್ದ ಅದೇ ಕಾಲ್, ಅದೇ ಪುಟ್. ಆದರೆ ಅಲ್ಲಿ ಅವನ್ನು ಕೊಂಡಿರಲಿಲ್ಲ, ಮಾರಿದ್ದರು. ಶುಕ್ರವಾರವೇ, ರೇಟು ನೆತ್ತಿಗೇರಿದ್ದಾಗ. ಆಪ್ಷನ್ನಿನಲ್ಲಿ ಕೈಯಲ್ಲಿಲ್ಲದ್ದನ್ನೂ ಮೊದಲೇ ಮಾರಬಹುದು; ದುಬಾರಿಗೆ ಮಾರಿ, ಈಗ ಅಗ್ಗಕ್ಕೆ ವಾಪಸ್ ಕೊಂಡರೆ ನಡುವಿನದ್ದೆಲ್ಲ ಲಾಭ. ಸೂಚ್ಯಂಕ ಅಲ್ಲಾಡದಿದ್ದರೆ ದುಡ್ಡಾಗುವುದು ಹಾಗೆ ಮಾರಿದವರಿಗೆ.

ಸಿದ್ದುವಿನ ಕಡೆ ತಿರುಗಿದೆ. "ಶುಕ್ರವಾರ ಇದನ್ನ ನೀನು ಹಾಕಿದ್ದಾ?"

"ಹೂಂ. ಸಾರ್ ಹೇಳಿದ್ರು," ಎಂದು ಅವನು ತಲೆ ತಗ್ಗಿಸಿದ.

ಕುರ್ಚಿ ತುಂಬ ಜನರಿಗೆ ಕೊಳ್ಳಿ ಕೊಳ್ಳಿ ಎಂದು ಹೇಳಿದ ಬಾಯಿ, ಹೆಂಡತಿಗೆ ಮಾರು ಎಂದಿತ್ತು. ನನಗೆ ರಕ್ತ ತಲೆಗೇರಿತು. ಪದ್ಧತಿ, ನಂಬರು, ಗುಟ್ಟು ಎಲ್ಲ ಹಾಳಾಗಿ ಹೋಗಲಿ ಎಂದು ಎದ್ದು ನಿಂತೆ.

"ಸಾರ್, ರಮ್ಯ ಮೇಡಂ ಖಾತೇಲಿ ಮಾರಿದ್ದನ್ನೇ ಅಲ್ವಾ ನೀವು ಇವ್ರಿಗೆಲ್ಲಾ ಕೊಳ್ಳಿ ಅಂದಿದ್ದು?"

ಚಮಚಗಳ ಸದ್ದು ನಿಂತಿತು. ಅಶ್ವತ್ಥ್ ಸಾರ್ ಮುಖ ಕಪ್ಪಿಟ್ಟಿತು. "ಏಯ್, ಗ್ರಾಹಕರ ಹೆಸರು ಕೂಗ್ತೀಯಾ? ಅದು ಅವಳ ಸ್ವಂತ ದುಡ್ಡು, ಅವಳ ಸ್ವಂತ ಲೆಕ್ಕಾಚಾರ. ಯಾವ ಕಾನೂನು ಮುರಿದಿದೀವಿ ತೋರ್ಸು."

"ಹಾಗಾದ್ರೆ ಆ ಲೆಕ್ಕಾಚಾರನ ನಮ್ಮ ಮಾವನಿಗೂ ಹೇಳ್ಬೇಕಿತ್ತಲ್ಲಾ ಸಾರ್! ಹೆಂಡ್ತಿಗೆ ಒಂದು, ಭಟ್ಟರಿಗೆ ಒಂದಾ?"

"ಬ್ಯಾಗ್ ತಗೊಂಡು ಹೊರಡು ಇಲ್ಲಿಂದ."

"ಹೊರಡ್ತೀನಿ. ಮೊದ್ಲು ಮಾವಂದು ಮಾರ್ತೀನಿ."

ಗ್ರಾಹಕರೇ ಹೇಳಿದ್ದೆಂಬ ಸಾಕ್ಷಿಗೆ, ಆರ್ಡರ್ ಮಾತು ರೆಕಾರ್ಡ್ ಆಗುವ ಫೋನನ್ನು ಮಾವನ ಕೈಗೆ ಕೊಟ್ಟೆ. ಇನ್ನೊಂದು ಫೋನು ನನ್ನ ಕಿವಿಯಲ್ಲಿ. ಮೇಜಿನ ಆಚೆ ಈಚೆ ನಿಂತು ಇಬ್ಬರೂ ಅಪರಿಚಿತರ ಹಾಗೆ ಮಾತಾಡಬೇಕಾಯಿತು. ನಿಮ್ಮ ಹೆಸರು ಹೇಳಿ ಎಂದೆ. "ಕೃಷ್ಣಯ್ಯ," ಎಂದರು. ಏನು ಮಾಡಬೇಕು ಎಂದೆ. "ಎರಡೂ ಮಾರಿ," ಎಂದರು. ಗುಂಡಿ ಒತ್ತಿದೆ. ಹಾಕಿದ್ದರಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು ಹೋಗಿತ್ತು. ಅಲ್ಲಿದ್ದ ಉಳಿದವರು ಆಗ ತಾನೇ ಎಚ್ಚರವಾದವರಂತೆ ಸಿದ್ದುವಿನ ಮೇಜಿಗೆ ಮುಗಿಬಿದ್ದರು. ಅಶ್ವತ್ಥ್ ಸಾರ್ ಕೂಗುತ್ತಲೇ ಇದ್ದರು. ಆ ಕೂಗು ಕೇಳಿ ನನಗೆ ತೃಪ್ತಿಯಾಯಿತು, ಸುಳ್ಳೇಕೆ ಹೇಳಲಿ. ಸಂಬಳ ಹೋದ ಚಿಂತೆ ಕೂಡ ಆಗ ಬರಲಿಲ್ಲ.

ಕೆಳಗೆ ಇಳಿದು ಬಸ್ ಸ್ಟಾಪಿನಲ್ಲಿ ನಿಂತೆವು. ಮಾವ ಅಂಗಡಿಯ ಮಾಲೀಕ ಜಹೀರ್ ಅವರಿಗೆ ಫೋನ್ ಮಾಡಿ, ಕಮ್ಮಿ ಬಿದ್ದ ಹಣಕ್ಕೆ ಕೆಲವು ದಿನ ಕೊಡಿ ಎಂದು ಕೇಳಿದರು. ಕಾಯಲಾಗುವುದಿಲ್ಲ, ಪೂರ್ತಿ ಅಡ್ವಾನ್ಸ್ ಹಿಡಿದು ಇನ್ನೊಬ್ಬರು ನಿಂತಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಅವರು ಮರ್ಯಾದೆಯಿಂದಲೇ ಹೇಳಿದರು.  ಆಮೇಲೆ ಮಾವ ಹಳೆಯ ಹೋಟೆಲಿನ ಧಣಿಗೆ ಫೋನ್ ಮಾಡಿದರು.

"ಸಾರ್, ನಾನು ಕೃಷ್ಣಯ್ಯ. ಅದೇ, ಬಿಡ್ತೀನಿ ಅಂದಿದ್ನಲ್ಲಾ... ಬರ್ತೀನಿ ಅಂತ ಹೇಳೋಣ ಅಂತ."

ಧಣಿಯ ದನಿ ಗಟ್ಟಿ, ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಅಡುಗೆಗೆ ಬೇರೆಯವ್ರನ್ನ ಇಟ್ಕೊಂಡ್ವಲ್ಲಾ ಕೃಷ್ಣಯ್ಯ. ಬೇಕಾದ್ರೆ ಟೇಬಲ್ ಕ್ಲೀನಿಂಗಿಗೆ ಬನ್ನಿ."

ಬೇಡ ಅನ್ನಿ ಮಾವ, ಫೋನಿಡಿ ಎಂದು ನಾನು ಕೈ ಮಾಡಿದೆ. ಉಗಿದುಬಿಡಿ ಎಂದು ಪಿಸುಗುಟ್ಟಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಆಗ್ಲಿ ಸಾರ್," ಎಂದರು. "ನಾಳೆ ಎಷ್ಟೊತ್ತಿಗೆ ಬರ್ಲಿ?"